ಎರವಲು ನಾಲಿಗೆ

ಬರೆದವರ ನಾಲಿಗೆಯನ್ನು ನಂಬಬಾರದು ಎಂಬುದು ನಾವಿಬ್ಬರು ಮಾಡಿಕೊಂಡಿದ್ದ ಪದ್ಧತಿ. ಲೊಕ್ಕನಹಳ್ಳಿ ಕಡೆಯ ಶಾಲೆಯೊಂದಕ್ಕೆ ಕೊಳ್ಳೇಗಾಲದಿಂದ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದ ಟೀಚರುಗಳು ನಾವು, ಇಬ್ಬರಿಗೂ ಕವಿತೆಯ ಹುಚ್ಚು. ನನ್ನದನ್ನು ಅವಳು ಗಟ್ಟಿಯಾಗಿ ಓದಬೇಕು, ಅವಳದನ್ನು ನಾನು. ಓದುವವಳು ತೊಡರಿದ ಕಡೆ, ಉಸಿರು ಸಾಲದಾದ ಕಡೆ, ಬರೆದವಳು ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳಬೇಕು. ಮನೆಯಲ್ಲಿ ನಮ್ಮದನ್ನು ನಾವೇ ಗುನುಗಿಕೊಂಡರೆ ಬಾಯಿಪಾಠದ ಜೋರಿನಲ್ಲಿ ನಾಲಿಗೆ ಎಲ್ಲವನ್ನೂ ಹಾರಿಸಿಕೊಂಡು ಹೋಗಿಬಿಡುತ್ತದೆ.

ಆ ವರ್ಷ ಹನೂರಿನ ಕವಿಗೋಷ್ಠಿಯಿಂದ ಒಬ್ಬರನ್ನು ಮಾತ್ರ ಜಿಲ್ಲಾ ಗೋಷ್ಠಿಗೆ ಆರಿಸುವುದಿತ್ತು. ಇಬ್ಬರೂ ಹೆಸರು ಕೊಟ್ಟಿದ್ದೆವು. ನನಗೆ ಹೋಗಲೇಬೇಕೆಂಬ ಆಸೆ. ಕಾಡುಹಂದಿ ನುಗ್ಗಿದ ಹೊಲದ ಮೇಲೆ ಬರೆದಿದ್ದೆ. ಅದರಲ್ಲೊಂದು ಸಾಲು: ‘ಬಿತ್ತಿದ್ದೆಷ್ಟು ಕಿತ್ತದ್ದೆಷ್ಟು ಮಿಕ್ಕದ್ದೆಷ್ಟೆಂದೆಣಿಸುತ್ತ ಬದುವಿನುದ್ದಕ್ಕೂ ಕತ್ತಲೊತ್ತಿಕೊಂಡು ನಿಂತವಳು’. ಹಾಳೆಯ ಮೇಲೆ ಎಷ್ಟು ಚೆಂದ ಕಾಣುತ್ತಿತ್ತು! ಊಟದ ಬಿಡುವಿನಲ್ಲಿ ಅವಳು ಓದಿದಳು, ಎಲ್ಲೂ ತಡೆಯಲಿಲ್ಲ. ನಾನು ಒಂದೂ ಗೀಟು ಹಾಕಲಿಲ್ಲ.

ಹನೂರಿನ ವೇದಿಕೆಯಲ್ಲಿ ಮೈಕಿನ ಮುಂದೆ ಗಟ್ಟಿಯಾಗಿ ಓದುತ್ತ ಆ ಸಾಲಿಗೆ ಬಂದಾಗ ದ್ದ, ಷ್ಟ, ಕ್ಕ, ತ್ತ ಎಲ್ಲ ಒಟ್ಟಿಗೆ ಬಾಯಲ್ಲಿ ಗಂಟು ಬಿದ್ದವು. ‘ಎಣಿಸುತ್ತ’ ಎನ್ನುವಷ್ಟರಲ್ಲಿ ಉಸಿರು ಮುಗಿದಿತ್ತು. ನಿಂತೆ. ಮತ್ತೆ ಮೊದಲಿನಿಂದ ಶುರುಮಾಡಿ ಮತ್ತೆ ಅಲ್ಲೇ ನಿಂತೆ. ಮುಂದಿನ ಕುರ್ಚಿಗಳಲ್ಲಿ ಯಾರೋ ಕಿಸಕ್ಕೆಂದರು. ಅವಳ ಕವಿತೆ ಆಯ್ಕೆಯಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು.

“ಅಲ್ಲಿ ನಾಲ್ಗೆ ಸಿಕ್ಕೊತದೆ ಅಂತ ನಂಗೆ ಅವತ್ತೇ ಗೊತ್ತಾಗಿತ್ತು ಕಣೆ. ‘ಮಿಕ್ಕದ್ದೆಷ್ಟು’ ಅಂತ ತುಂಡ್ ಮಾಡಿ, ಮೆಲ್ಲಗೆ ಉಸ್ರು ತಕಂಡು ದಾಟ್ಸಿದ್ದೆ.”

“ಮತ್ಯಾಕೆ ಹೇಳ್ನಿಲ್ಲ ನೀನು?”

“ಜಿಲ್ಲೆಗೆ ಇದ್ದುದ್ದು ಒಂದೇ ಜಾಗ ಅಲ್ವಾ?”

ನನಗೆ ಮೈಯೆಲ್ಲ ಉರಿಯಿತು. ಕಿಟಕಿಯ ಕಡೆ ತಿರುಗಿ ಕೂತೆ.

ಮಾರನೆಯ ವಾರ, ಏನೂ ಆಗಿಲ್ಲವೆಂಬಂತೆ, ಜಿಲ್ಲಾ ಗೋಷ್ಠಿಗೆ ಬರೆದ ಹೊಸ ಕವಿತೆಯನ್ನು ನನ್ನ ಮುಂದೆ ಹಿಡಿದು “ಓದು” ಅಂದಳು. ಭಂಡತನ ಅಂದರೆ ಅದು. ನಾನೂ ಅವಳ ಹಾಗೆ ದಾಟಿಸಿಬಿಡಬೇಕೆಂದೇ ಹಾಳೆ ಈಸಿಕೊಂಡೆ. ‘ಹಳ್ಳದಲ್ಲೆಲ್ಲ ಬೆಳ್ಳಗೆ ಚೆಲ್ಲಿದ’ ಎಂಬಲ್ಲಿ ಳ್ಳ, ಲ್ಲ ಒಂದಕ್ಕೊಂದು ತಗುಲಿ ಮುಗ್ಗರಿಸಿದೆ. ನನ್ನ ನಾಲಿಗೆ ನನ್ನ ಸಿಟ್ಟಿಗೆ ಕಾಯಲಿಲ್ಲ. ಅವಳು ತಟ್ಟನೆ ಗೀಟು ಹಾಕಿಕೊಂಡು, ‘ಹಳ್ಳದ ತುಂಬ ಹರಡಿದ’ ಎಂದು ತಿದ್ದಿಕೊಂಡಳು.

ಯಳಂದೂರಿನ ಜಿಲ್ಲಾ ಗೋಷ್ಠಿಯಲ್ಲಿ ಆ ಸಾಲು ನೀರಿನಂತೆ ಹರಿಯಿತು. ನಾನು ಹಿಂದಿನ ಕುರ್ಚಿಯಲ್ಲಿದ್ದೆ. ಹೊಟ್ಟೆಕಿಚ್ಚಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಅದು ಹರಿದಾಗ ಸಮಾಧಾನವೂ ಆಯಿತು, ನನ್ನ ನಾಲಿಗೆಯ ಪಾಲೂ ಅದರಲ್ಲಿತ್ತಲ್ಲ. ಗೋಷ್ಠಿ ಮುಗಿದ ಮೇಲೆ ಅಧ್ಯಕ್ಷರು ಅವಳನ್ನು ಕರೆದು, ಎಲ್ಲೂ ಕಲ್ಲು ಸಿಗದ ಹಾಗೆ ಬರೆದಿದ್ದೀರಿ, ಮೊದಲೇ ಯಾರಿಗಾದರೂ ಓದಲು ಕೊಡುತ್ತೀರಾ ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

“ಇಲ್ಲ ಸಾ,” ಅಂದಳು. “ನಂಗೆ ನನ್ ಕಿವಿನೇ ಸಾಕು.”