ತಮ್ಮ ಬರೆದ ನಾಲ್ಕು ಪುಟ

ಊರಿಗೆಲ್ಲ ಅವಳು ಸೋಫಾ ಅಕ್ಕ. ಹಳೇ ಸೋಫಾದ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸುವುದರಲ್ಲಿ ಅವಳದು ಎತ್ತಿದ ಕೈ. ಅಂಗಡಿಗೊಂದು ವೆಬ್‌ಸೈಟ್ ಬೇಕೆನಿಸಿದಾಗ, ಕೋಡ್ ಬರೆಯದೆ ಎಲ್ಲವನ್ನೂ ಮೌಸಿನಲ್ಲೇ ಎಳೆದು ಕೂರಿಸುವ ಒಂದು ಆನ್‌ಲೈನ್ ಬಿಲ್ಡರ್‌ನಲ್ಲಿ ಮಧ್ಯಾಹ್ನವಿಡೀ ಕೂತು, ತಾನು ರಿಪೇರಿ ಮಾಡಿದ ಸೋಫಾಗಳ ಫೋಟೊ ಜೋಡಿಸಿ ತಮ್ಮನಿಗೆ ತೋರಿಸಿದಳು. ವೆಬ್‌ಸೈಟ್ ಮಾಡುವುದೇ ಅವನ ಕಸುಬು. ಅವನು ನಕ್ಕುಬಿಟ್ಟ.

"ಇದೇನಕ್ಕ ಮಕ್ಕಳಾಟ! ತಿಂಗಳು ತಿಂಗಳು ದುಡ್ಡು ಕಟ್ಬೇಕು. ನಿಲ್ಲಿಸಿದ್ರೆ ಸೈಟೂ ಹೋಯ್ತು. ಕಟ್ಟಿದ್ದನ್ನ ಇದ್ದ ಹಾಗೇ ಬೇರೆ ಕಡೆ ಎತ್ಕೊಂಡು ಹೋಗೋಕೂ ಆಗಲ್ಲ."

"ಹಾಗಾದ್ರೆ ವರ್ಡ್‌ಪ್ರೆಸ್? ಬಟ್ಟೆ ಅಂಗಡಿಯವರು ಅದನ್ನೇ ಹಾಕ್ಸಿದಾರೆ."

"ಪ್ಲಗಿನ್ನು, ಅಪ್‌ಡೇಟು ಅಂತ ಅದನ್ನ ನೋಡ್ಕೊಳ್ತಾನೇ ಇರ್ಬೇಕು. ಬಿಟ್ರೆ ಸೈಟಿಗೆ ಕಳ್ಳರು ನುಗ್ತಾರೆ. ನಿಂಗೆ ಬೇಕಿರೋದು ನಾಲ್ಕು ಪುಟ. ನಾನೇ ಕೈಯಾರೆ ಕೋಡ್ ಬರ್ದು ಕೊಡ್ತೀನಿ."

"ಏನಾದ್ರೂ ಬದಲಾಯಿಸ್ಬೇಕಾದ್ರೆ?"

"ನಂಗೊಂದು ಫೋನ್ ಮಾಡು. ಒಂದು ಸಾಲಿನ ಕೆಲಸ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಈಗ ಅವಳ ಹೊಟ್ಟೆ ಉರಿಸುವುದು. ಪುಟಗಳು ಅಚ್ಚುಕಟ್ಟಾಗಿದ್ದವು, ಒತ್ತಿದ ತಕ್ಷಣ ತೆರೆಯುತ್ತಿದ್ದವು. ಅದನ್ನು ನೋಡಿಯೇ ಗಿರಾಕಿಗಳು ಬಂದರು. ಅಷ್ಟರಲ್ಲಿ ಕಟ್ಟಡದ ಮಾಲೀಕ ಅಂಗಡಿ ಖಾಲಿ ಮಾಡಿಸಿದ. ಅವಳು ಊರಿನ ಇನ್ನೊಂದು ತುದಿಗೆ ಹೋದಳು, ಹಳೆಯ ಜಾಗಕ್ಕೆ ಬೇರೊಬ್ಬ ಸೋಫಾ ರಿಪೇರಿಯವನು ಬಂದು ಕೂತ.

ವಿಳಾಸ ಬದಲಾಯಿಸು ಎಂದು ತಮ್ಮನಿಗೆ ಫೋನ್ ಮಾಡಿದಳು. "ನಾಳೆ ಅಕ್ಕ" ಅಂದ. ಮತ್ತೆ ಮಾಡಿದಳು. "ಕೈ ತುಂಬ ಕೆಲಸ ಅಕ್ಕ" ಅಂದ. ಪಾಸ್‌ವರ್ಡಾದರೂ ಕೊಡು ಎಂದರೆ, "ನೀನು ಮುಟ್ಟಿದ್ರೆ ಎಲ್ಲ ಕೆಡಿಸ್ತೀಯ" ಅಂದ. ಸೈಟಿನ ಹೆಸರನ್ನು ಕೊಂಡದ್ದೂ ಅವನ ಖಾತೆಯಲ್ಲೇ, ಅವನನ್ನು ಬಿಟ್ಟು ಬೇರೆಯವರಿಂದ ಬದಲಾಯಿಸಿಕೊಳ್ಳುವಂತಿರಲಿಲ್ಲ. ಅವಳ ಹಳೇ ಗಿರಾಕಿಯೊಬ್ಬರು ಬಟ್ಟೆ ಅಂಗಡಿಯಲ್ಲಿ ಸಿಕ್ಕು, "ಸೈಟಲ್ಲಿ ವಿಳಾಸ ನೋಡ್ಕೊಂಡು ನಿಮ್ಮಂಗ್ಡಿಗೇ ಸೋಫಾ ಕೊಟ್ಟಿದ್ದೆ, ಈ ಸಲ ಹೊಲಿಗೆ ಕೆಟ್ಟದಾಗಿದೆ ನೋಡಿ" ಎಂದು ಬೈದರು. ತನ್ನ ಅಂಗಡಿ ಅಲ್ಲಿಲ್ಲ ಎಂದು ಹೇಳುವಷ್ಟರಲ್ಲಿ ಅವಳಿಗೆ ಕಣ್ಣು ತುಂಬಿ ಬಂತು.

ಅಲ್ಲೇ ನಿಂತು ಮೊಬೈಲಿನಲ್ಲಿ ತನ್ನ ಪುಟ ತೆರೆದಳು. ಹಳೆಯ ವಿಳಾಸ ಹಾಗೇ ಇತ್ತು. ಪುಟವನ್ನು ಕೆಳಕ್ಕೆ ಸರಿಸಿದಳು. ತೀರಾ ಕೊನೆಯಲ್ಲಿ, ಈ ಸೈಟು ಮಾಡಿದವರು ಎಂದು ತಮ್ಮನ ಹೆಸರು, ಹೋದ ವಾರವಷ್ಟೇ ಅವನು ತೆರೆದ ಹೊಸ ಆಫೀಸಿನ ವಿಳಾಸ, ಹೊಸ ನಂಬರು.

ಆ ಹೊಸ ನಂಬರಿಗೇ ಫೋನ್ ಮಾಡಿ, ನಿನ್ನ ವಿಳಾಸ ಹಾಕೋಕೆ ಹೊತ್ತು ಸಿಕ್ತಲ್ಲ, ನನ್ನದಕ್ಕೆ ಯಾಕೆ ಸಿಗಲಿಲ್ಲ ಎಂದು ಕೇಳಿದಳು.

"ಅದು ಅರ್ಜೆಂಟಿತ್ತು ಅಕ್ಕ. ಹೊಸ ಗಿರಾಕಿಗಳಿಗೆಲ್ಲ ನಿನ್ನ ಸೈಟನ್ನೇ ತೋರಿಸ್ತೀನಲ್ಲ."