ಹೌದಾ ಅಕ್ಕನ ಎರಡು ಹಲ್ಲು, ಮೇಷ್ಟ್ರ ಒಂದು ಉಸಿರು

ಹೆತ್ತವರು ಆಕೆಗೆ ಒಂದು ಚಂದದ ಹೆಸರಿಟ್ಟಿದ್ದರು. ಆದರೆ ವೋಟು ಹಾಕುವ ದಿನ ಬಿಟ್ಟರೆ ಅದು ಯಾರ ನೆನಪಿಗೂ ಬರುತ್ತಿರಲಿಲ್ಲ. ಊರಿಗೆಲ್ಲ ಆಕೆ ಹೌದಾ ಅಕ್ಕ. ಬೆಳಗ್ಗೆ ಗಂಡ "ಹೊರಗೆ ಮಳೆ ಕಣೇ" ಅಂದರೆ "ಹೌದಾ?" ಎನ್ನುತ್ತ ಕಿಟಕಿಯಾಚೆ ಕೈ ಚಾಚಿ, ಅಂಗೈ ಒದ್ದೆಯಾದ ಮೇಲೆಯೇ ಕೊಡೆ ಹುಡುಕುವ ಹೆಂಗಸು. ಗಡಿಯಾರ ರಿಪೇರಿಯವನ ಮಗಳು ಬೇರೆ. ಗಿರಾಕಿ ಏನೇ ಹೇಳಲಿ, ಗಡಿಯಾರವನ್ನು ಕಿವಿಗೆ ಹಿಡಿದು ನೋಡದೆ ಆಕೆಯ ಅಪ್ಪ ಒಂದು ಸ್ಕ್ರೂ ಮುಟ್ಟಿದವನಲ್ಲ. ಮಗಳಿಗೆ ಅಂಗಡಿ ಬರಲಿಲ್ಲ, ಆ ಕಿವಿ ಬಂತು.

ಇಂಥವಳಿಗೆ ಸರಿಯಾದ ಕೆಲಸವೇ ಸಿಕ್ಕಿತ್ತು. ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಒಂದು ಪುಸ್ತಕ ಪ್ರಕಾಶನ. ಅಲ್ಲಿ ಆಕೆ ಕರಡು ತಿದ್ದುವವಳು. ಯಜಮಾನರು ಅಚ್ಚು ಹಾಕಿಸುತ್ತಿದ್ದುದೆಲ್ಲ "ಮಾಡುವುದು ಹೇಗೆ" ಎಂಬ ಜಾತಿಯ ಪುಸ್ತಕಗಳು: ಹೊಲಿಗೆ, ಅಡುಗೆ, ತಾರಸಿ ತೋಟ. ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು, ಅದಕ್ಕೆ ಮೂಕ ಪರೀಕ್ಷೆ ಎಂದು ಹೆಸರು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಹೌದಾ ಅಕ್ಕ ಅದರಲ್ಲಿ ಬರೆದಷ್ಟನ್ನೇ, ಬರೆದ ಹಾಗೆಯೇ ಮಾಡಬೇಕು. ಲೇಖಕ ಎದುರಿಗೇ ಕೂತಿರಬೇಕು, ತುಟಿ ಪಿಟಕ್ಕೆನ್ನಬಾರದು. ಲೇಖಕರ ಬಾಯಿ ಅಷ್ಟು ಸುಲಭಕ್ಕೆ ಮುಚ್ಚುವಂಥದ್ದೇ? ಅದಕ್ಕೇ ಯಜಮಾನರು ನೆಲ್ಲಿಕಾಯಿ ಗಾತ್ರದ ಪೆಪ್ಪರ್‌ಮಿಂಟ್ ಒಂದನ್ನು ಮೊದಲೇ ಅವರ ಬಾಯಿಗೆ ಹಾಕಿಬಿಡುತ್ತಿದ್ದರು. ಓದುಗರ ಮನೆಗೆ ಲೇಖಕರು ಹಿಂದಿನಿಂದ ಹೋಗಿ ವಿವರಿಸೋಕಾಗುತ್ತದೆಯೇ ಎಂಬುದು ಅವರ ವಾದ. ಅಡುಗೆ ಪುಸ್ತಕದ ಪರೀಕ್ಷೆಯಲ್ಲಿ ಒಲೆ ಆರಿಸಿ ಎಂದು ಎಲ್ಲೂ ಬರೆದಿರಲಿಲ್ಲವೆಂದು ಆಕೆ ಆರಿಸಲಿಲ್ಲ. ಅವತ್ತು ಸೀದುಹೋದ ಪಾತ್ರೆಯ ತಳ ಇವತ್ತಿಗೂ ಯಜಮಾನರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ಹೀಗಿರುವಾಗ ಯೋಗದ ಮೇಷ್ಟ್ರು ಮಹಡಿ ಹತ್ತಿ ಬಂದರು. ಬದುಕಿಡೀ ಯೋಗ ಕಲಿಸಿ, ಹಳೆಯ ಹಠಯೋಗ ಗ್ರಂಥಗಳನ್ನು ಅರೆದು ಕುಡಿದು, ಇತ್ತೀಚಿನ ಸಂಶೋಧನೆಯನ್ನೂ ಬಿಡದೆ ಓದಿ, ಸಂಶಯಪಡುವ ಹೊಸಬರಿಗಾಗಿ ಉಸಿರಾಟದ ಮೇಲೊಂದು ಪುಸ್ತಕ ಬರೆದಿದ್ದರು. ಅವರ ಜೀವಮಾನದ ಒಂದೇ ಪುಸ್ತಕ. ಬೇರೆ ಪ್ರಕಾಶಕರೆಲ್ಲ ಬೇಡವೆಂದು ಕೈಯಲ್ಲಾಡಿಸಿ ಕಳಿಸಿದ್ದರು. ಇಲ್ಲೂ ಆಗದಿದ್ದರೆ ಹಸ್ತಪ್ರತಿ ಅಟ್ಟಕ್ಕೇ ಗತಿ.

"ಸಂಶಯದವರಿಗೇ ಬರೆದಿದ್ದೀರಾ? ನಮ್ಮಲ್ಲಿ ಒಬ್ಬಳಿದ್ದಾಳೆ, ಸಾಕು," ಎಂದು ಯಜಮಾನರು ಪೆಪ್ಪರ್‌ಮಿಂಟ್ ಡಬ್ಬಿ ತೆರೆದರು.

ಹೌದಾ ಅಕ್ಕ ಚಾಪೆ ಹಾಸಿ ಕೂತಳು. ಮೊದಲೆರಡು ಅಧ್ಯಾಯದಲ್ಲಿ ಆಕೆಗೆ ಮೂಗು ಮುರಿಯಲು ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಮೇಷ್ಟ್ರು ನೇರವಾಗಿಯೇ ಬರೆದಿದ್ದರು: ಈ ಸಂಶೋಧನೆಗಳಲ್ಲಿ ಹೆಚ್ಚಿನವು ಚಿಕ್ಕವು, ನಿಧಾನದ ಉಸಿರಾಟದಿಂದ ರಕ್ತದೊತ್ತಡ ತುಸು ಇಳಿದದ್ದುಂಟು, ಹಾಗಂತ ಯಾರೂ ಮಾತ್ರೆ ಬಿಡಬಾರದು, ಒಬ್ಬರಿಗೆ ಒಳ್ಳೆಯದಾಯಿತೆಂಬುದು ಪುರಾವೆಯಲ್ಲ, ಹೋಲಿಸಿ ನೋಡದೆ ಏನನ್ನೂ ಹೇಳಲಾಗದು. ಪರವಾಗಿಲ್ವೇ ಮುದುಕ ಅಂದುಕೊಂಡಳು.

ಮೂರನೆಯದರಲ್ಲಿ ಮುದುಕ ಹಳ್ಳಕ್ಕೆ ಬಿದ್ದರು. "ಆಳವಾಗಿ ಉಸಿರೆಳೆದರೆ ರಕ್ತದಲ್ಲಿ ಆಮ್ಲಜನಕ ಇಮ್ಮಡಿಯಾಗುತ್ತದೆ" ಎಂಬ ಸಾಲು ಕಂಡದ್ದೇ ತಡ, ಆಕೆ "ಹೌದಾ?" ಎಂದು ಎದ್ದು, ಯಜಮಾನರ ಡ್ರಾಯರಿನಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದಳು. ಸುಮ್ಮನೆ ಕೂತಾಗ ತೊಂಬತ್ತೆಂಟು. ಪಕ್ಕೆ ಬಿರಿಯುವಂತೆ ಉಸಿರೆಳೆದ ಮೇಲೂ ತೊಂಬತ್ತೆಂಟು.

"ನೂರಕ್ಕೆ ತೊಂಬತ್ತೆಂಟು ಆಗಲೇ ತುಂಬಿದೆ ಮೇಷ್ಟ್ರೇ. ಇಮ್ಮಡಿ ಅಂದ್ರೆ ನೂರಾ ತೊಂಬತ್ತಾರು. ಉಳಿದ ತೊಂಬತ್ತಾರನ್ನ ಎಲ್ಲಿ ತುಂಬ್ಕೊಳ್ಲಿ, ಸೆರಗಲ್ಲಾ?"

ಮೇಷ್ಟ್ರ ಕೆನ್ನೆಯೊಳಗೆ ಪೆಪ್ಪರ್‌ಮಿಂಟ್ ಆ ಕಡೆಯಿಂದ ಈ ಕಡೆಗೆ ಓಡಿತು.

ಇನ್ನೂ ದೊಡ್ಡ ಪೆಟ್ಟು ಮುಂದಿತ್ತು. ಪುಟದ ಕೊನೆಯ ಸಾಲು: "ಮೂಗಿನಿಂದ ಪೂರ್ತಿ ಉಸಿರೆಳೆದು ಹಿಡಿಯಿರಿ." ಆಕೆ ಎಳೆದಳು, ಹಿಡಿದಳು, ಪುಟ ತಿರುಗಿಸಿದಳು. ಅಲ್ಲಿ ಋಷಿಮುನಿಗಳ ಗುಣಗಾನ. ಅದರ ಕೆಳಗೆ ಉಸಿರಿಗೂ ಮನಸ್ಸಿಗೂ ಇರುವ ನಂಟಿನ ಬಗ್ಗೆ ಒಂದು ಉದ್ದನೆಯ ಪ್ಯಾರಾ. ಬಿಡಿ ಎಂಬ ಮಾತು ಎಲ್ಲೂ ಇಲ್ಲ! ಬರೆದಷ್ಟನ್ನೇ ಮಾಡುವ ವ್ರತದವಳು ಬಿಡುವುದು ಹೇಗೆ? ಮುಖ ಕೆಂಪಗಾಯಿತು, ಕಣ್ಣುಗುಡ್ಡೆ ಮುಂದೆ ಬಂತು, ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಎರಡೂ ಕೈ ಬೀಸಿ ಬೀಸಿ "ಮ್ಮ್! ಮ್ಮ್!" ಎಂದು ಕುಣಿದರು. ಕೊನೆಗೆ ಪೆಪ್ಪರ್‌ಮಿಂಟನ್ನು ಉಗಿದೇಬಿಟ್ಟರು. ಅದು ಯಜಮಾನರ ಚಹಾ ಲೋಟಕ್ಕೆ ಬಿತ್ತು.

"ಬಿಡೀಮ್ಮಾ! ಉಸಿರು ಬಿಡಿ!"

ಆಕೆ ಪುಸ್ ಎಂದು ಬಿಟ್ಟು, ಸುಧಾರಿಸಿಕೊಂಡು, ಶಾಂತವಾಗಿ ಹೇಳಿದಳು. "ಹಳೇ ಗ್ರಂಥಗಳು ಉಸಿರನ್ನ ಕಾಡುಮೃಗದ ಹಾಗೆ ನಿಧಾನವಾಗಿ ಪಳಗಿಸ್ಬೇಕು, ಆತುರ ಮಾಡಿದ್ರೆ ಅದೇ ನಮ್ಮನ್ನ ತಿನ್ನುತ್ತೆ ಅನ್ನುತ್ವೆ ಅಂತ ಒಂದನೇ ಅಧ್ಯಾಯದಲ್ಲಿ ನೀವೇ ಬರ್ದಿದ್ದೀರಿ. ಮೂರನೇದ್ರಲ್ಲಿ ನನ್ನನ್ನ ಹುಲಿ ಬಾಯಿಗೆ ಕೊಟ್ಟು ನೀವು ಋಷಿಗಳ ಭಜನೆ ಮಾಡ್ತಾ ಕೂತ್ರಿ."

ಮೇಷ್ಟ್ರು ಮುಖ ಹುಳ್ಳಗೆ ಮಾಡಿಕೊಂಡು ಹಸ್ತಪ್ರತಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದರು. ಮುಗಿಯಿತು ಕತೆ, ಇನ್ನು ಈ ಆಸಾಮಿ ಇತ್ತ ತಲೆ ಹಾಕುವುದಿಲ್ಲ ಎಂದು ಯಜಮಾನರೂ ಅಂದುಕೊಂಡರು.

ತಲೆ ಹಾಕಿದರು. ಮೂರನೇ ಅಧ್ಯಾಯವನ್ನು ಬುಡದಿಂದ ಬರೆದು ತಂದು, ತಾವೇ ಡಬ್ಬಿ ತೆರೆದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಕೂತರು. ಇಮ್ಮಡಿ ಆಮ್ಲಜನಕ ಮಾಯವಾಗಿತ್ತು, ಹಿಡಿಯುವುದೂ ಮಾಯ. ಹೊಸಬರು ಉಸಿರು ಹಿಡಿಯಬೇಡಿ, ನಾಲ್ಕು ಎಣಿಸುತ್ತ ಮೂಗಿನಿಂದ ಎಳೆಯಿರಿ, ಆರು ಎಣಿಸುತ್ತ ಬಿಡಿ, ಬಲವಂತ ಬೇಡ, ತಲೆ ಸುತ್ತಿದರೆ ನಿಲ್ಲಿಸಿ, ಎದೆಯ, ಶ್ವಾಸದ ಕಾಯಿಲೆಯಿದ್ದರೆ ಮೊದಲು ವೈದ್ಯರನ್ನು ಕೇಳಿ. ಕೆಳಗೊಂದು ಸಾಲು: "ನಂಬಿಕೆ ಬಾರದಿದ್ದರೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುತ್ತ ಉಸಿರಾಡಿ."

ಆಕೆ ಬೆರಳಿಟ್ಟಳು. ಉಸಿರೆಳೆದಾಗ ನಾಡಿ ಚುರುಕಾಯಿತು. ಬಿಡುವಾಗ ನಿಧಾನವಾಯಿತು. ಇನ್ನೊಮ್ಮೆ. ಮತ್ತೂ ಒಮ್ಮೆ. ಗಡಿಯಾರ ಹೀಗೆ ನಡೆದಿದ್ದರೆ ಅಪ್ಪ ಬಿಚ್ಚಿ ಹಾಕುತ್ತಿದ್ದ. ಆಕೆ ಮುಂದೆ ಓದಿದಳು: ಇದು ಕೆಟ್ಟದ್ದಲ್ಲ, ಗಟ್ಟಿಮುಟ್ಟಾದ ಹೃದಯದ ಗುಣ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಲಗಾಮನ್ನು ಮೆಲ್ಲಗೆ ಎಳೆಯುತ್ತದೆ.

"ಹೌದಾ," ಎಂದಳು. ಈ ಸಲ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಯಜಮಾನರು ಲೇಖನಿ ಕೆಳಗಿಟ್ಟು ಅವಳನ್ನೇ ನೋಡಿದರು.

ಈಗ ಆಕೆಯ ಬಾಯೊಳಗಿನ ವಿಷಯ ಹೇಳಬೇಕು. ಜಗತ್ತನ್ನೆಲ್ಲ ಪ್ರಶ್ನಿಸುವ ಈ ಗಟ್ಟಿಗಿತ್ತಿಗೆ ಹಲ್ಲಿನ ಡಾಕ್ಟರೆಂದರೆ ಪ್ರಾಣಭಯ. ಎರಡು ದವಡೆ ಹಲ್ಲು ಹುಳುಕಾಗಿದ್ದವು, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಕೀಳಲೇಬೇಕೆಂದು ಡಾಕ್ಟರು ಹೇಳಿ ಎಷ್ಟು ಕಾಲವಾಯಿತೋ. ಪ್ರತಿ ಸಲವೂ ಹೊರಗಿನ ಬೆಂಚಿನ ಮೇಲೆ ಕೂತು, ಒಳಗಿನ ಯಂತ್ರದ ಗುಂಯ್ ಸದ್ದು ಕೇಳಿ, ಎದೆ ಡವಡವ ಎಂದು, ಚಪ್ಪಲಿ ಮೆಟ್ಟಿ ಓಟ. "ಅಂಗಡಿಗೆ ಹೋಗ್ಬೇಕಿತ್ತು, ಮರ್ತೇಹೋಗಿತ್ತು," ಎಂದು ಗಂಡನಿಗೆ ಕಾಗೆ ಹಾರಿಸುವುದು. ಅವನೂ ಈಗ ಕಲಿತುಬಿಟ್ಟಿದ್ದ, "ಹೌದಾ?" ಎನ್ನುತ್ತಿದ್ದ.

ಆ ವಾರ ಎಡದವಡೆ ಊದಿಕೊಂಡಿತು. ನೀರು ಕುಡಿದರೂ ಕಣ್ಣಲ್ಲಿ ನೀರು. ಆಕೆ ಬೆಂಚಿನ ಮೇಲೆ ಕೂತಳು. ಗುಂಯ್ ಎಂದಿತು. ಕಾಲು ಚಪ್ಪಲಿ ಹುಡುಕಿತು. ಕೈ ಮಾತ್ರ ಮಣಿಕಟ್ಟು ಹುಡುಕಿತು. ನಾಲ್ಕು ಎಣಿಸಿ ಎಳೆದಳು, ಆರು ಎಣಿಸಿ ಬಿಟ್ಟಳು. ಭಯ ಎಲ್ಲಿಗೂ ಹೋಗಲಿಲ್ಲ, ಪಕ್ಕದಲ್ಲೇ ಕೂತಿತ್ತು. ಆದರೆ ಆಕೆಯನ್ನು ಎಬ್ಬಿಸಿ ಓಡಿಸಲಿಲ್ಲ. ಹೆಸರು ಕೂಗಿದಾಗ ಒಳಗೆ ಹೋದಳು, ದವಡೆಗೆ ಜೋಮು ಹಿಡಿಸುವ ಸೂಜಿ ಚುಚ್ಚುವಾಗಲೂ ಎಣಿಸಿದಳು, ಹಲ್ಲು ಬಂತು.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಸೀದಾ ಪ್ರಕಾಶನಕ್ಕೆ ಬಂದಳು. ಅವತ್ತೇ ಮೇಷ್ಟ್ರ ಪುಸ್ತಕದ ತೀರ್ಮಾನ, ಮೇಷ್ಟ್ರೂ ಬಂದು ಕೂತಿದ್ದರು. ಊದಿದ ಕೆನ್ನೆ ನೋಡಿದ್ದೇ ಯಜಮಾನರು ಕುರ್ಚಿಯಿಂದ ಎದ್ದರು.

"ಹಲ್ಲು ಕೀಳಿಸ್ಕೊಂಡ್ಯಾ? ನೀನು? ಓಡಿ ಬರ್ಲಿಲ್ವಾ?"

ಆಕೆ ಹೌದೆಂದು ಗೋಣು ಆಡಿಸಿದಳು.

"ಮೇಷ್ಟ್ರ ಉಸಿರಾಟ ಮಾಡಿದ್ಯಾ?"

ಆಕೆ ಸುಳ್ಳು ಹೇಳುತ್ತಿದ್ದದ್ದು ಗಂಡನ ಹತ್ತಿರ ಮಾತ್ರ. ಗೋಣು ಇನ್ನೊಮ್ಮೆ ಆಡಿತು.

ಯಜಮಾನರು ಚಪ್ಪಾಳೆ ತಟ್ಟಿದರು. "ಸಿಕ್ತು ರಕ್ಷಾಪುಟ! ಮೇಲೆ ದಪ್ಪ ಅಕ್ಷರದಲ್ಲಿ: ಹಲ್ಲು ಕಿತ್ತರೂ ಭಯವಿಲ್ಲ! ಮಹಾ ಸಂಶಯದವಳೂ ಸೋತ ಉಸಿರು! ಇದಿದ್ರೆ ಅಚ್ಚು ಹಾಕ್ತೀನಿ ಮೇಷ್ಟ್ರೇ. ಇಲ್ಲದಿದ್ರೆ ಇದನ್ನ ಯಾರು ಕೊಳ್ತಾರೆ, ಅಟ್ಟಕ್ಕೆ ಏರಿಸಿ."

ಮೇಷ್ಟ್ರು ಹಸ್ತಪ್ರತಿಯನ್ನು ನೋಡಿದರು, ಅಟ್ಟವನ್ನು ನೆನೆದರು. ಪಾಪ, ಮನಸ್ಸು ಜಾರಿತು. "ಒಂದೇ ಸಾಲು ತಾನೇ," ಎಂದರು ತಗ್ಗಿದ ದನಿಯಲ್ಲಿ. "ಆಗಿದ್ದೂ ನಿಜವೇ ಅಲ್ವಾ."

ಹೌದಾ ಅಕ್ಕನಿಗೆ ಮೈ ಉರಿದುಹೋಯಿತು. ಬಾಯಲ್ಲಿ ಹತ್ತಿ, ಮಾತಾಡುವಂತಿಲ್ಲ. ಚೀಟಿ ಹರಿದು ಬರೆದಳು: "ಸೂಜಿಯೂ ಇತ್ತು. ನೋವೂ ತಡೆಯಲಾರದಷ್ಟಿತ್ತು. ಓಡದಂತೆ ಕೂರಿಸಿದ್ದು ಯಾವುದು? ನನಗೇ ಗೊತ್ತಿಲ್ಲ." ಅದನ್ನು ಯಜಮಾನರತ್ತ ತಳ್ಳಿದಳು. ಆಮೇಲೆ ಎರಡನೇ ಅಧ್ಯಾಯ ತೆಗೆದು, ಒಬ್ಬರಿಗೆ ಒಳ್ಳೆಯದಾಯಿತೆಂಬುದು ಪುರಾವೆಯಲ್ಲ ಎಂಬ ಸಾಲಿನ ಕೆಳಗೆ ಉಗುರೊತ್ತಿ ಮೇಷ್ಟ್ರ ಮೂಗಿನಡಿ ಹಿಡಿದಳು.

ಮೇಷ್ಟ್ರು ತಾವೇ ಬರೆದದ್ದನ್ನು ತಾವೇ ಓದಿದರು. ಕಿವಿ ಕೆಂಪಾಯಿತು. ಡಬ್ಬಿಯಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡು, ಹಸ್ತಪ್ರತಿಯನ್ನು ಚೀಲಕ್ಕೆ ತುರುಕಲು ಶುರುಮಾಡಿದರು. ಅಟ್ಟಕ್ಕಾದರೂ ಹೋಗಲಿ, ಆ ಸಾಲು ಬೇಡ ಎಂದೇ ಅದರ ಅರ್ಥ.

ಆಕೆ ಚೀಲದ ಬಾಯಿಗೆ ಕೈ ಅಡ್ಡವಿಟ್ಟಳು. ಇನ್ನೊಂದು ಚೀಟಿ ಬರೆದು ಯಜಮಾನರಿಗೆ ಕೊಟ್ಟಳು: "ರಕ್ಷಾಪುಟಕ್ಕೆ: ನಂಬಬೇಡಿ. ನಾಡಿ ಹಿಡಿದು ನೋಡಿ."

ಯಜಮಾನರು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಅವರ ಎಡಗೈ ತನ್ನಷ್ಟಕ್ಕೆ ಬಲಗೈಯ ಮಣಿಕಟ್ಟಿಗೆ ಹೋಯಿತು. ಕೂತಲ್ಲೇ ಉಸಿರೆಳೆದು ಬಿಟ್ಟರು. "ಅರೆರೆ," ಎಂದರು. ಬೆರಳು ತೆಗೆಯದೆಯೇ, "ಹಾಳಾಗಿ ಹೋಗಿ, ಅಚ್ಚು ಹಾಕ್ತೀನಿ," ಎಂದರು.

ಮೇಷ್ಟ್ರ ಕಣ್ಣು ತುಂಬಿ ಬಂತು. ಯಜಮಾನರಿಗೆ ಮಾತ್ರ ಸೋತ ಉರಿ ಆರಿರಲಿಲ್ಲ. ಕಿಸಕ್ಕನೆ ನಕ್ಕು ಕೇಳಿದರು.

"ಅಲ್ಲಮ್ಮಾ, ಹೋಲಿಸಿ ನೋಡದೆ ಹೇಳೋಕಾಗಲ್ಲ, ಸರಿ. ನಿಂಗೆ ಬಲಗಡೆ ಇನ್ನೊಂದು ಹಲ್ಲಿದೆಯಲ್ಲ? ಅದಕ್ಕೆ ಉಸಿರಾಟ ಗಿಸಿರಾಟ ಏನೂ ಇಲ್ದೆ ಹೋಗಿ ಕೂತ್ಕೋ. ಎರಡನ್ನೂ ಹೋಲಿಸಿ ನೋಡೋಣ. ಏನಂತೀಯಾ, ಸಂಶಯದವಳೇ?"

ಮೇಷ್ಟ್ರು ಪೆಪ್ಪರ್‌ಮಿಂಟ್ ಚೀಪುವುದನ್ನು ನಿಲ್ಲಿಸಿದರು. ಮಳೆಯನ್ನೂ ಮುಟ್ಟಿ ನೋಡದೆ ನಂಬದವಳು, ತಳ ಸೀದರೂ ಒಲೆ ಆರಿಸದವಳು, ಪರೀಕ್ಷೆಗೆ ಬೆನ್ನು ತೋರಿಸಿದ್ದೇ ಇಲ್ಲ. ಆಕೆ ಯಜಮಾನರನ್ನು ನೋಡಿದಳು, ಬಲಗೆನ್ನೆಯನ್ನು ಮುಟ್ಟಿಕೊಂಡಳು, ಚೀಟಿ ಹರಿದಳು, ಬರೆದಳು, ಮಡಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ಆ ಸೀದ ಪಾತ್ರೆಯ ತಳ ಹೇರಿ, ಚೀಲ ಹೆಗಲಿಗೇರಿಸಿ ಮನೆಗೆ ಹೊರಟುಬಿಟ್ಟಳು.

ಇಬ್ಬರೂ ಮೇಜಿಗೆ ಮುಗಿಬಿದ್ದರು. ಚೀಟಿಯಲ್ಲಿ ಇದ್ದದ್ದು ಒಂದೇ ಮಾತು.

"ಬೇಡ."