ಮುಚ್ಚಳದ ಮೇಲಿನ ನಂಬರು

ಗುಂಜೋಟಿಯ ರಂಭಾಬಾಯಿ ಜಿಪುಣಿ. ದುಡ್ಡಿನಲ್ಲಷ್ಟೇ ಅಲ್ಲ, ಹೊಗಳಿಕೆಯಲ್ಲೂ. ಅರವತ್ತೆರಡು ವರ್ಷಗಳಲ್ಲಿ ಆಕೆ ಯಾರನ್ನಾದರೂ ಮೆಚ್ಚಿ ಮಾತಾಡಿದ್ದನ್ನು ಕೇಳಿದವರಿಲ್ಲ.

ಮನೆಯ ಗಿರಣಿಯಲ್ಲಿ ಆಕೆ ಬೀಸುವ ಕಾಳಾ ಮಸಾಲೆ, ಹುರಿದ ಕಪ್ಪು ಖಾರದ ಪುಡಿ, ಮಾತ್ರ ಸುತ್ತಲಿನ ಊರಿಗೆಲ್ಲ ಹೆಸರಾಗಿತ್ತು. ಸೊಸೆ ಮೀನಲ ಫೋನಿನಲ್ಲಿ ಆರ್ಡರು ಹಿಡಿದು, ಅದನ್ನು ಡಬ್ಬಿಗೆ ತುಂಬಿ, ಮೇಲಿನ ಪೆಟ್ಟಿಗೆಗೆ ತಮ್ಮ ನಂಬರು ಬರೆದು ಪುಣೆ, ಸೊಲ್ಲಾಪುರಗಳಿಗೆ ಕುರಿಯರ್ ಮಾಡತೊಡಗಿದಳು. ಒಮ್ಮೆ ತರಿಸಿಕೊಂಡವರು ಮತ್ತೆ ಕೇಳಲಿಲ್ಲ.

“ದಸರಾ ತನಕ ನೋಡ್ತೀನಿ. ತಿರುಗಿ ಕೇಳಾವ್ರು ಬರಲಿಲ್ಲಂದ್ರ ಗಿರಣಿ ತುರೋರಿ ಊರಿನ ಮನ್ಮಥಪ್ಪಗ ಮಾರಿಬಿಡೂದು,” ಎಂದಳು ಅತ್ತೆ.

ಮೀನಲಳಿಗೆ ಬಣ್ಣದ ಪೆಟ್ಟಿಗೆ ಬೇಕಿತ್ತು. ಸಾವಿರಕ್ಕಿಂತ ಕಡಿಮೆ ಅಚ್ಚು ಹಾಕಲು ಉಮರ್ಗಾದ ಪ್ರೆಸ್ಸಿನವರು ಒಪ್ಪಲಿಲ್ಲ.

“ಮಂದಿ ಖಾರ ತಿಂತಾರೋ, ಪುಠ್ಠಾ ತಿಂತಾರೋ?” ಎಂದು ರಂಭಾಬಾಯಿ ಬರಿಯ ಕಂದು ರಟ್ಟಿನ ಪೆಟ್ಟಿಗೆಗಳನ್ನು ತರಿಸಿ, ಮೇಲೆ ಒತ್ತಲು ಒಂದು ರಬ್ಬರ್ ಶಿಕ್ಕಾ ಮಾಡಿಸಿದಳು. ಶಿವಭಕ್ತರ ಮನೆ, ಆ ಮೊಹರಿನಲ್ಲಿ ಲಿಂಗ, ಮೂರು ಗೆರೆ ವಿಭೂತಿ.

ಎಂಟು ದಿನಕ್ಕೆ ಸೊಲ್ಲಾಪುರದ ಗಿರಾಕಿ ಪ್ರಯಾಗಬಾಯಿಯ ಫೋನು ಬಂತು. “ಮಸಾಲಿ ಛಲೋ ಅದ ರೀ. ಆದ್ರ ದೇವ್ರ ಮ್ಯಾಲ ಚಾಕು ಹ್ಯಾಂಗ ಹಾಕ್ಲಿ? ಬುಡಾ ಹರದು ತಗದೀನಿ. ಪೆಟಗಿ ಕಸಕ್ಕ ಒಗೀಲಾಕ ಮನಸ್ಸಾಗವಲ್ದು, ದೇವ್ರ ಜಗಲಿ ಮ್ಯಾಲ ಇಟ್ಟೀನಿ. ಅದರ ಮ್ಯಾಲ ನಿಮ್ಮ ನಂಬರ್ ಇತ್ತಂತ ತಿರುಗಿ ಫೋನ್ ಮಾಡ್ಲಾಕ ಸಿಕ್ಕಿತು ನೋಡ್ರಿ.”

ಮೀನಲಳಿಗೆ ಹೊಳೆದದ್ದು ಆಗ. ಉಳಿದವರು ಪೆಟ್ಟಿಗೆಯನ್ನು ಎಸೆದಿದ್ದರು. ನಂಬರೂ ಕಸಕ್ಕೆ ಹೋಗಿತ್ತು. ಅಡುಗೆಮನೆಯಲ್ಲಿ ಉಳಿಯುವುದು ಒಳಗಿನ ಡಬ್ಬಿ.

ಶಿಕ್ಕಾದಲ್ಲಿ ದೇವರು ಹೋಗಿ ಒರಳಿನ ಚಿತ್ರ ಬಂತು. ಝೆರಾಕ್ಸ್ ಅಂಗಡಿಯಲ್ಲಿ ಹೆಸರು, ನಂಬರು ಇದ್ದ ದುಂಡು ಸ್ಟಿಕ್ಕರು ಮಾಡಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದಳು. ಗಿರಾಕಿಯ ಹೆಸರನ್ನು ಕೈಯಿಂದ ಬರೆದ ಚೀಟಿ, ಜೊತೆಗೆ ಎರಡು ಚಮಚ ಶೇಂಗಾ ಚಟ್ನಿಯ ಪುಟ್ಟ ಪೊಟ್ಟಣ. ಇವೆಲ್ಲಕ್ಕೂ ಸೇರಿ ಒಂದು ಪೆಟ್ಟಿಗೆಗೆ ಬಿದ್ದ ಹೆಚ್ಚಿನ ಖರ್ಚು ನಾಲ್ಕು ರೂಪಾಯಿ.

“ಪುಕ್ಕಟ ಚಟ್ನಿ ಯಾಕ?”

“ಅತ್ಯಾರ, ಮನಿಗಿ ಬಂದಾಕಿಗಿ ಉಡಿ ತುಂಬದ ಕಳಸ್ತೀರೇನು?”

ಅತ್ತೆ ಚಮಚವನ್ನು ಕಸಿದುಕೊಂಡು, ಅಂಚಿಗೆ ಸಮನಾಗಿ ಬೆರಳು ಸವರಿ, ತಾನೇ ಅಳೆದಳು.

ಹಾಗೆ ಕಟ್ಟಿ ಕಳಿಸಿದ ಐವತ್ತು ಪೆಟ್ಟಿಗೆಗಳಲ್ಲಿ ಇಪ್ಪತ್ತೆರಡು ಮನೆಗಳಿಂದ ದಸರೆಯೊಳಗೆ ಮತ್ತೆ ಫೋನು ಬಂತು. ಹನ್ನೊಂದು ಮನೆಯವರು ಚಟ್ನಿಯನ್ನೂ ಅರ್ಧ ಕಿಲೋ ಕೇಳಿದರು. ಗಿರಣಿ ಬೆಳಿಗ್ಗೆ ಶುರುವಾದರೆ ಸಂಜೆಯತನಕ ನಿಲ್ಲುತ್ತಿರಲಿಲ್ಲ.

ಹಬ್ಬದ ಮಾರನೆಯ ದಿನ ಮನ್ಮಥಪ್ಪ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. “ಗಿರಣಿ ಒಯ್ಯಲೇನ್ರೀ ಬಾಯಿ?”

“ಒಯ್ಯೂದಾ? ನಿನ್ನ ಗಿರಣಿ ಮಾರೂದಿದ್ರ ಹೇಳು. ನಮಗೊಂದು ಕಮ್ಮಿ ಬಿದ್ದದ.”

ಖಾಲಿ ಟೆಂಪೋ ತಿರುಗುವುದನ್ನು ನೋಡಿ ಮೀನಲ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ರಂಭಾಬಾಯಿ ನಗಲಿಲ್ಲ. ಯಾರಿಗೂ ಹೇಳದೆ ಉಮರ್ಗಾದ ಬಸ್ಸು ಹತ್ತಿದಳು.

ಮಧ್ಯಾಹ್ನ ಮರಳಿ ಬಂದವಳ ಕೈಯಲ್ಲಿ ಹೊಸದೊಂದು ಸಣ್ಣ ಶಿಕ್ಕಾ ಇತ್ತು. ಸೊಸೆ ಬರೆದಿಟ್ಟಿದ್ದ ಚೀಟಿಯೊಂದನ್ನು ಎಳೆದುಕೊಂಡು ಅದರ ಕೆಳಗೆ ಒತ್ತಿದಳು: ‘ರುಚಿ ರಂಭಾಬಾಯಿಯದು, ಬುದ್ಧಿ ಮೀನಲಳದು.’ ಎರಡನೆಯ ಹೆಸರು ಮಸುಕಾಗಿತ್ತು. ಮಸಿಯ ಮೇಲೆ ಇನ್ನೊಮ್ಮೆ ಒತ್ತಿ, ಬೇರೆ ಚೀಟಿಗೆ ಹೊಡೆದಳು.